ಶೂನ್ಯ ಮಹಾತ್ಮೆ

ಮುಖ್ಯ ಕಚೇರಿಯಿಂದ ಸುತ್ತೋಲೆ ಬಂದಿದೆ. ಮುಂದಿನ ವರ್ಷದಿಂದ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದ ಬಜೆಟ್ ಸೊನ್ನೆಯಿಂದ ಶುರುವಾಗಬೇಕಂತೆ. ಅಂದರೆ ಕಳೆದ ವರ್ಷದ ಮೊತ್ತ ಮರೆತು, ಪ್ರತಿ ಖರ್ಚಿಗೂ ಹೊಸದಾಗಿ ಕಾರಣ ಕೊಡಬೇಕು. ಇಂಥ ಸುತ್ತೋಲೆ ಹೇಗಿರುತ್ತದೆಂದು ಕಾರ್ಖಾನೆಯ ಗೇಟು ದಾಟಿದ ಯಾರಿಗೂ ಹೇಳಬೇಕಾಗಿಲ್ಲ. ಕಾಲಂಗಳಿಗೆ ಲೆಕ್ಕವಿಲ್ಲದ ನಮೂನೆ, ಅದನ್ನು ತುಂಬಲು ಹತ್ತು ದಿನಗಳ ಗಡುವು, ಕೊನೆಯಲ್ಲಿ ‘ಸಹಕಾರ ನಿರೀಕ್ಷಿಸಲಾಗಿದೆ’.

ಹಾಗೆಂದು ಹಳೆಯ ಪದ್ಧತಿಗಾಗಿ ಕಣ್ಣೀರು ಹಾಕುವವನು ನಾನಲ್ಲ. ಅದು ಸೋಮಾರಿಗಳ ಸ್ವರ್ಗ. ಕಳೆದ ವರ್ಷದ ಖರ್ಚು ನೋಡು, ಅದರ ಮೇಲೆ ಶೇಕಡಾ 6 ಹಾಕು, ಸಹಿ ಮಾಡು. ಕಳೆದ ವರ್ಷ ಖರ್ಚಾದದ್ದು 100 ಎಂದುಕೊಳ್ಳಿ. ಅದರಲ್ಲಿ 14 ಕುಲುಮೆಯ ಒಳಗಿನ ಇಟ್ಟಿಗೆ ಪದರ ಬದಲಿಸಲು ಹೋಗಿತ್ತು. ಆ ಕೆಲಸ ಬರುವುದು ನಾಲ್ಕು ವರ್ಷಕ್ಕೊಮ್ಮೆ. ಆದರೆ ಈ ಪದ್ಧತಿಗೆ ನಾಲ್ಕು ವರ್ಷವೆಂದರೇನೆಂದು ತಿಳಿಯದು, ಅದು ಈ ವರ್ಷಕ್ಕೂ 106 ಮಂಜೂರು ಮಾಡುತ್ತದೆ. ಇಟ್ಟಿಗೆಯ 14 ಬಿಟ್ಟರೆ ಉಳಿದ 86ಕ್ಕೆ ಬೆಲೆಯೇರಿಕೆ ಸೇರಿಸಿದರೂ ಬೇಕಾದದ್ದು 91. ಹದಿನೈದು ಕೈಯಲ್ಲಿ ಉಳಿಯಿತು. ವಾಪಸು ಕೊಡುವವರುಂಟೇ? ಆರ್ಥಿಕ ವರ್ಷದ ಕೊನೆಯ ವಾರಗಳಲ್ಲಿ ಉಗ್ರಾಣದ ಬಾಗಿಲಲ್ಲಿ ಲಾರಿಗಳು ಸಾಲುಗಟ್ಟುತ್ತವೆ. ರಬ್ಬರ್ ಸೀಲುಗಳು, ಬೆಲ್ಟ್‌ಗಳು, ಗ್ರೀಸ್ ತುಂಬಿದ ಬೇರಿಂಗ್‌ಗಳು ಬಂದು ಇಳಿಯುತ್ತವೆ. ಬೇಕಾಗುವ ಹೊತ್ತಿಗೆ ಸೀಲು ಕಪಾಟಿನಲ್ಲೇ ಗಡುಸಾಗಿ ಬಿರುಕು ಬಿಟ್ಟಿರುತ್ತದೆ, ಗ್ರೀಸ್ ಎಣ್ಣೆ ಬಿಟ್ಟು ಒಣಗಿರುತ್ತದೆ.

ವಾಪಸು ಕೊಡುವ ಮೂರ್ಖನೊಬ್ಬ ಇದ್ದನೆಂದೇ ಇಟ್ಟುಕೊಳ್ಳಿ. ಮುಂದಿನ ವರ್ಷ ಅವನ ಲೆಕ್ಕ 91ರಿಂದ ಶುರು. ಕುಲುಮೆಯ ಸರದಿ ಬಂದ ವರ್ಷ ಆತ ಏರಿಕೆಯ ಜೊತೆಗೆ ಇಟ್ಟಿಗೆಯ ಹಣವನ್ನೂ ಕೇಳುತ್ತಾನೆ. ‘ಒಮ್ಮೆಗೇ ಇಷ್ಟೊಂದು ಏಕೆ? ನಿಮ್ಮ ಯೋಜನೆಯೇ ಸರಿಯಿಲ್ಲ’ ಎಂದು ಸಭೆಯಲ್ಲಿ ಅವನಿಗೆ ಛೀಮಾರಿ. ಪ್ರಾಮಾಣಿಕತೆಗೆ ಕೊಡುವ ಪದಕ ಇದು.

ಆದ್ದರಿಂದ ಸೊನ್ನೆಯ ಅವತಾರವಾಯಿತು. ಅದರ ಸ್ಥಳಪುರಾಣ ಚೆನ್ನಾಗಿದೆ. ಪೀಟರ್ ಪೈರ್ ಎಂಬಾತ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಇದನ್ನು ಜಾರಿಗೆ ತಂದು 1970ರಲ್ಲಿ ಒಂದು ಲೇಖನ ಬರೆದ. ಜಾರ್ಜಿಯಾ ರಾಜ್ಯದ ಗವರ್ನರ್ ಜಿಮ್ಮಿ ಕಾರ್ಟರ್ ಅದನ್ನು ಓದಿ ಅವನನ್ನು ಕರೆಸಿಕೊಂಡರು. ಮುಂದೆ ಅಧ್ಯಕ್ಷರಾದಾಗ 1977ರಲ್ಲಿ ಇಡೀ ಅಮೆರಿಕದ ಕೇಂದ್ರ ಸರ್ಕಾರಕ್ಕೆ ಇದನ್ನೇ ವಿಧಿಸಿದರು. ಪ್ರತಿ ಕೆಲಸಕ್ಕೂ ‘ಕನಿಷ್ಠ ಎಷ್ಟಿದ್ದರೆ ನಡೆಯುತ್ತದೆ’ ಎಂದು ಇಲಾಖೆಗಳು ಬರೆಯಬೇಕಿತ್ತು. ಎಷ್ಟೋ ಕಡೆ ಅಧಿಕಾರಿಗಳು ಏನು ಮಾಡಿದರು ಗೊತ್ತೇ? ಕಳೆದ ವರ್ಷದ ಮೊತ್ತದಲ್ಲಿ ಶೇಕಡಾ ಇಂತಿಷ್ಟು ಎಂದು ಗೀಟೆಳೆದು ಅದನ್ನೇ ಕನಿಷ್ಠವೆಂದರು. 1981ರಲ್ಲಿ ರೇಗನ್ ಬಂದು ಇಡೀ ವ್ಯವಸ್ಥೆಯನ್ನು ಕೈಬಿಟ್ಟರು. ಸೊನ್ನೆಯ ಮುಖವಾಡ ಹಾಕಿಕೊಂಡು ಹಳೆಯ ಅಂಕಿಯೇ ಮೆರವಣಿಗೆ ಹೊರಟಿತ್ತು. ನಮ್ಮ ಸುತ್ತೋಲೆಯಲ್ಲಿ ಈ ಅಧ್ಯಾಯ ಮಾತ್ರ ಕಾಣಲಿಲ್ಲ, ಪುಟ ಸಾಲಲಿಲ್ಲವೇನೋ.

ಈಗ ನಮೂನೆಗೆ ಬರೋಣ. ಪ್ರತಿಯೊಂದು ಕೆಲಸವನ್ನೂ ಬೇರೆ ಕಂತೆಯಾಗಿ ಕಟ್ಟಬೇಕು. ಏನು ಕೆಲಸ, ಎಷ್ಟು ಹಣ, ಇನ್ನೂ ಅಗ್ಗದ ದಾರಿ ಯಾವುದು, ಮಾಡದಿದ್ದರೆ ಏನಾಗುತ್ತದೆ. ಆಮೇಲೆ ಎಲ್ಲ ಕಂತೆಗಳನ್ನೂ ಮಹತ್ವದ ಪ್ರಕಾರ ಸಾಲಾಗಿ ನಿಲ್ಲಿಸಿ, ಹಣ ಮುಗಿಯುವಲ್ಲಿ ಗೆರೆ ಎಳೆಯಬೇಕು. ಗೆರೆಯ ಕೆಳಗಿನದ್ದು ರದ್ದು. ಕೇಳಲು ಎಷ್ಟು ನ್ಯಾಯವಾಗಿದೆ! ನಿಜವಾಗಿಯೂ ನ್ಯಾಯವೇ ಸರಿ, ಗುಜರಿಗೆ ಹೋದ ಯಂತ್ರಕ್ಕೆ ಇನ್ನೂ ವಾರ್ಷಿಕ ಸರ್ವೀಸ್ ಗುತ್ತಿಗೆ ಕಟ್ಟುತ್ತಿರುವುದು ಇಂಥ ನಮೂನೆ ತುಂಬುವಾಗಲೇ ಸಿಕ್ಕಿಬೀಳುತ್ತದೆ.

ತೊಡಕು ಶುರುವಾಗುವುದು ತಂಪು ನೀರಿನ ಪಂಪಿನ ಕಂಪನ ಅಳೆಯುವ ಕಂತೆಯಲ್ಲಿ.

‘ಇದನ್ನು ಮಾಡದಿದ್ದರೆ ಏನಾಗುತ್ತದೆ?’

‘ಬೇರಿಂಗ್ ಸವೆಯುತ್ತಿರುವುದು ಮೊದಲೇ ಗೊತ್ತಾಗುವುದಿಲ್ಲ ಸರ್, ಪಂಪ್ ನಿಲ್ಲಬಹುದು.’

‘ಮೂರು ವರ್ಷಗಳಲ್ಲಿ ಎಷ್ಟು ಸಲ ನಿಂತಿದೆ?’

‘ಒಂದು ಸಲವೂ ಇಲ್ಲ.’

‘ಮತ್ತೆ ಈ ಖರ್ಚು ಏಕೆ?’

ಅಬ್ಬಾ, ತರ್ಕವೆಂದರೆ ಇದು! ಪಂಪ್ ನಿಲ್ಲದಿರುವುದಕ್ಕೆ ಕಾರಣವೇ ಆ ಅಳತೆ ಎಂದು ಎಂಜಿನಿಯರ್ ಹೇಳಬಹುದು, ಆದರೆ ಆಗದೇ ಹೋದ ಅನಾಹುತಕ್ಕೆ ರಸೀದಿ ಎಲ್ಲಿಂದ ತರುತ್ತಾನೆ? ಕಂತೆ ಗೆರೆಯ ಕೆಳಗೆ ಹೋಯಿತು. ಅದಲ್ಲದೆ ಇನ್ಯಾವುದು ಹೋಗಬೇಕು? ಸಿಬ್ಬಂದಿಯ ಸಂಬಳ ಮುಟ್ಟುವಂತಿಲ್ಲ, ಕ್ರೇನ್ ಮತ್ತು ಒತ್ತಡದ ಪಾತ್ರೆಗಳ ತಪಾಸಣೆಗೆ ಕಾನೂನಿನ ಕಾವಲಿದೆ. ಕೆಟ್ಟದ್ದರ ದುರಸ್ತಿ ಹೇಗೂ ಬೇಕು. ಸೊನ್ನೆಯ ಕತ್ತರಿಗೆ ಸಿಗುವುದು ಕೆಡದಂತೆ ನೋಡಿಕೊಳ್ಳುವ ಕೆಲಸ ಮಾತ್ರ.

ಆ ಕಂತೆಯ ಲೆಕ್ಕ ಹಾಕಿ. ವರ್ಷವಿಡೀ ಕಂಪನ ಅಳೆಯಲು 2 ಎಂದುಕೊಳ್ಳಿ. ಬೇರಿಂಗ್ ಕೆಡುವ ಸುಳಿವು ಎಷ್ಟೋ ವಾರ ಮೊದಲೇ ಸಿಕ್ಕರೆ, ಯಂತ್ರ ಹೇಗೂ ನಿಲ್ಲುವ ರಜೆಯ ದಿನ ಬದಲಿಸಲು ಇನ್ನೊಂದು 1. ಸುಳಿವು ಸಿಗದಿದ್ದರೆ ಬೇರಿಂಗ್ ಕಚ್ಚಿಕೊಂಡು ಶಾಫ್ಟ್ ಗೀರಿಹೋಗುತ್ತದೆ, ಸೀಲು ಒಡೆಯುತ್ತದೆ, ಇಂಪೆಲ್ಲರ್ ಕವಚಕ್ಕೆ ಉಜ್ಜುತ್ತದೆ. ಆಗ ದುರಸ್ತಿ 6. ನೀರಿಲ್ಲದೆ ನಿಂತ ಯಂತ್ರಗಳ ಮೂರು ದಿನದ ನಷ್ಟ ಅದರ ಎಷ್ಟೋ ಪಟ್ಟು, ಆದರೆ ಅದು ಬೀಳುವುದು ಉತ್ಪಾದನಾ ವಿಭಾಗದ ಖಾತೆಗೆ. 2 ಉಳಿಸಿದ ಕೀರ್ತಿ ಒಂದು ಕಡೆ, ನಷ್ಟ ಇನ್ನೊಂದು ಕಡೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯುವ ಕಾಲಂ ಆ ನಮೂನೆಯಲ್ಲಿ ಇಲ್ಲ. ಇದ್ದಿದ್ದರೆ ಕಂತೆ ಮೇಲೆಯೇ ನಿಲ್ಲುತ್ತಿತ್ತು.

ಇನ್ನು ಆಕಸ್ಮಿಕ ದುರಸ್ತಿ. ಯಾವ ಗೇರ್‌ಬಾಕ್ಸ್ ಯಾವ ತಿಂಗಳು ಕೈಕೊಡುತ್ತದೆಂದು ಮುಂಗಡ ಕಂತೆ ಕಟ್ಟಲು ನಮ್ಮಲ್ಲಿ ಜ್ಯೋತಿಷಿಗಳ ಹುದ್ದೆ ಮಂಜೂರಾಗಿಲ್ಲ. ಆದ್ದರಿಂದ ಎಲ್ಲರೂ ಒಂದೇ ಸಾಲು ಬರೆಯುತ್ತಾರೆ: ‘ಹಿಂದಿನ ಮೂರು ವರ್ಷಗಳ ಸರಾಸರಿ, ಜೊತೆಗೆ ಶೇಕಡಾ 6’. ಹಳೆಯ ಪದ್ಧತಿ ಹಿಂಬಾಗಿಲಿನಿಂದ ಒಳಗೆ ಬಂದು ಕುರ್ಚಿ ಎಳೆದು ಕೂತಿತು. ಎರಡನೆಯ ವರ್ಷಕ್ಕೆ ಉಳಿದ ಕಂತೆಗಳೂ ಕಳೆದ ವರ್ಷದ ಫೈಲಿನ ನಕಲು, ದಿನಾಂಕ ಮಾತ್ರ ಹೊಸದು. ಇದು ಮೋಸವಲ್ಲ, ಹತ್ತು ದಿನಗಳಲ್ಲಿ ನೂರಾರು ಯಂತ್ರಗಳ ಅಸ್ತಿತ್ವಕ್ಕೆ ಸಮರ್ಥನೆ ಬರೆಯಬೇಕಾದವನ ಆತ್ಮರಕ್ಷಣೆ.

ನಗುವುದು ಸಾಕು. ಇದರಿಂದ ಯಾರ ಬೆನ್ನು ಮುರಿಯುತ್ತದೆಂದು ನನಗೆ ಗೊತ್ತಿದೆ, ನೋಡಿ ಸಾಕಾಗಿದೆ. ರಾತ್ರಿ ಪಾಳಿಯಲ್ಲಿ ಬಿಡಿಭಾಗವಿಲ್ಲದೆ, ಇನ್ನೊಂದು ಯಂತ್ರದಿಂದ ಬಿಚ್ಚಿ ತಂದ ಕಪ್ಲಿಂಗ್ ಜೋಡಿಸಲು ಹೆಣಗುತ್ತಿರುವ ಫಿಟ್ಟರ್‌ನದು. ಪಕ್ಕದಲ್ಲಿ ಮೇಲ್ವಿಚಾರಕ ‘ಇನ್ನೆಷ್ಟು ಹೊತ್ತು’ ಎಂದು ನಿಂತಿರುತ್ತಾನೆ. ಗೆರೆ ಎಳೆದವರು ಮಲಗಿರುತ್ತಾರೆ.

ಮಾಡುವ ಮನಸ್ಸಿದ್ದರೆ ದಾರಿ ಇದೆ. ಎಣಿಸಲು ಬರುವುದನ್ನು ಸೊನ್ನೆಯಿಂದ ಎಣಿಸಿ: ಯಾವ ಯಂತ್ರಕ್ಕೆ ವರ್ಷಕ್ಕೆ ಎಷ್ಟು ಸಲ ತಪಾಸಣೆ, ಪ್ರತಿ ಸಲ ಎಷ್ಟು ಗಂಟೆ, ಯಾವ ಬಿಡಿಭಾಗ, ಯಾವ ಗುತ್ತಿಗೆ. ಅದೂ ಒಂದು ವರ್ಷಕ್ಕೆ ಕಾರ್ಖಾನೆಯ ಮೂರನೇ ಒಂದು ಭಾಗ ಸಾಕು. ಕುಲುಮೆಯಂಥ ದೊಡ್ಡ ಕೆಲಸಗಳನ್ನು ನಾಲ್ಕಾರು ವರ್ಷದ ಪಟ್ಟಿಯಲ್ಲಿ ಬೇರೆ ಇಡಿ. ಆಕಸ್ಮಿಕಕ್ಕೆ ಹಳೆಯ ಸರಾಸರಿಯನ್ನೇ ನಾಚಿಕೆಯಿಲ್ಲದೆ ಬಳಸಿ. ಈ ಸಲಹೆಯನ್ನು ಸಭೆಯಲ್ಲಿ ಇಟ್ಟ ಎಂಜಿನಿಯರ್‌ಗೆ ಸಿಕ್ಕ ಉತ್ತರ: ‘ಒಳ್ಳೆಯ ವಿಚಾರ. ಇದಕ್ಕೂ ಒಂದು ಕಂತೆ ಸಲ್ಲಿಸಿ, ಶ್ರೇಣಿ ನೋಡೋಣ.’