ಮಳೆಯ ಪ್ರಯುಕ್ತ

ನಮ್ಮಲ್ಲಿ ಹೆಚ್ಚಿನವರು ಬದುಕಿನಲ್ಲಿ ಬರೆದ ಮೊದಲ ಪತ್ರ ರಜಾ ಅರ್ಜಿ. ‘ನನಗೆ ಜ್ವರ ಬಂದಿರುವ ಪ್ರಯುಕ್ತ ಎರಡು ದಿನ ರಜೆ ನೀಡಬೇಕಾಗಿ ಬೇಡುವ ತಮ್ಮ ವಿಧೇಯ ವಿದ್ಯಾರ್ಥಿ’ ಎಂಬ ಒಂದೇ ಉಸಿರಿನ ಆ ವಾಕ್ಯದಲ್ಲಿ ಕಾರಣವೇ ಯಜಮಾನ. ಬರೆದವನು ಕೊನೆಯಲ್ಲಿ ಕೈಕಟ್ಟಿ ನಿಂತಿರುತ್ತಾನೆ. ಜ್ವರ ಜೋರಾದಷ್ಟೂ ರಜೆ ಖಾತ್ರಿ. ಮುಂದೆ ನೌಕರಿಗೆ ಸೇರಿ, ಗಡುವು ಮೀರಿ, ಮ್ಯಾನೇಜರಿಗೆ ಕ್ಷಮೆ ಕೇಳುವ ಮೇಲ್ ಬರೆಯಲು ಕುಳಿತಾಗಲೂ ಬೆರಳುಗಳು ತಾವಾಗಿಯೇ ಆ ಅರ್ಜಿಯ ಜಾಡು ಹಿಡಿಯುತ್ತವೆ.

ಅದರಲ್ಲೂ ಚಿಕ್ಕಮಗಳೂರಿನ ಕಡೆಯವರಿಗೆ ಜೂನ್ ಕಳೆದ ಮೇಲೆ ಕಾರಣಗಳಿಗೆ ಬರವಿಲ್ಲ. ಮರ ಬಿತ್ತು, ತಂತಿ ಹರಿಯಿತು, ನೆಟ್‌ವರ್ಕ್ ಹೋಯಿತು, ಘಾಟಿಯಲ್ಲಿ ಮಣ್ಣು ಕುಸಿಯಿತು. ಮಳೆಯಂಥ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಅದನ್ನು ಯಾರೂ ಪಾಟೀಸವಾಲಿಗೆ ಎಳೆಯುವಂತಿಲ್ಲ.

ನನ್ನ ತಂಗಿಯ ಮಗ ಇಲ್ಲಿಯ ಒಂದು ಕಾಫಿ ಕ್ಯೂರಿಂಗ್ ಸಂಸ್ಥೆಯಲ್ಲಿ ದಾಸ್ತಾನಿನ ಲೆಕ್ಕ ನೋಡಿಕೊಳ್ಳುತ್ತಾನೆ. ಗೋದಾಮಿನಲ್ಲಿ ಪಾರ್ಚ್‌ಮೆಂಟ್ ಕಾಫಿ ಎಷ್ಟು ಚೀಲ, ಚೆರ್ರಿ ಕಾಫಿ ಎಷ್ಟು ಚೀಲ ಎಂಬ ಪಟ್ಟಿಯನ್ನು ತಿಂಗಳು ತಿಂಗಳೂ 5ನೇ ತಾರೀಕಿನೊಳಗೆ ಹಾಸನದ ಕಚೇರಿಯಲ್ಲಿರುವ ಮ್ಯಾನೇಜರಿಗೆ ಕಳುಹಿಸಬೇಕು. ಅವರು ಅದನ್ನು ನೋಡಿ 7ರೊಳಗೆ ಬ್ಯಾಂಕಿಗೆ ಕೊಡುತ್ತಾರೆ. ಸರಕಿನ ಮೇಲೆ ಕೊಟ್ಟ ಸಾಲದಲ್ಲಿ ಆ ತಿಂಗಳು ಎಷ್ಟು ಹಣ ತೆಗೆಯಬಹುದು ಎಂದು ಬ್ಯಾಂಕು ನಿರ್ಧರಿಸುವುದು ಈ ಪಟ್ಟಿಯಿಂದಲೇ. ಇದರಲ್ಲಿ ಒಂದು ತೊಡಕಿದೆ. ಗೋದಾಮಿನಲ್ಲಿರುವ ಚೀಲಗಳೆಲ್ಲ ಸಂಸ್ಥೆಯವಲ್ಲ. ಬೆಳೆಗಾರರು ಹದ ಮಾಡಿಸಲು ತಂದು ಇಳಿಸಿದ ಚೀಲಗಳೂ ಪಕ್ಕದಲ್ಲೇ ಒಟ್ಟಿರುತ್ತವೆ. ಅವನ್ನು ಬೇರ್ಪಡಿಸದೆ ಲೆಕ್ಕ ಕೊಟ್ಟರೆ ಇನ್ನೊಬ್ಬರ ಕಾಫಿಯನ್ನು ತೋರಿಸಿ ಸಾಲ ತೆಗೆದಂತಾಗುತ್ತದೆ. ಜೂನ್ ತಿಂಗಳ ಪಟ್ಟಿ 5ಕ್ಕೆ ಹೋಗಲಿಲ್ಲ, 7ಕ್ಕೂ ಹೋಗಲಿಲ್ಲ. 8ರ ಮಧ್ಯಾಹ್ನ ಅವನು ಮೇಲ್‌ನ ಕರಡು ಹಿಡಿದುಕೊಂಡು ಬಂದ. ಅವನ ಮೇಡಂ ಕನ್ನಡದಲ್ಲೇ ಬರೆಯುವವರಾದ್ದರಿಂದ ಅವನೂ ಕನ್ನಡದಲ್ಲೇ ಬರೆದಿದ್ದ.

‘ಮೇಡಂ, 5ರ ಮಧ್ಯಾಹ್ನ ಗಾಳಿಮಳೆಯಿಂದಾಗಿ ಕರೆಂಟ್ ಹೋಗಿತ್ತು. ಗೋದಾಮಿನಿಂದ ಅಂಕಿಗಳು ಸಕಾಲದಲ್ಲಿ ಬಂದಿರಲಿಲ್ಲ. ಈ ಬಾರಿ ಬೆಳೆಗಾರರ ಸರಕು ಹೆಚ್ಚಾಗಿದ್ದುದರಿಂದ ಬೇರ್ಪಡಿಸುವ ಕೆಲಸವೂ ಹೆಚ್ಚಾಗಿತ್ತು. ಆದ ಕಾರಣ ಪಟ್ಟಿ ತಡವಾಗಿದೆ. ತಮಗೆ ತೊಂದರೆಯಾಗಿದ್ದಲ್ಲಿ ಕ್ಷಮೆಯಿರಲಿ. ಮುಂದೆ ಹೀಗಾಗದಂತೆ ನೋಡಿಕೊಳ್ಳಲಾಗುವುದು.’

ಸುಳ್ಳು ಒಂದೂ ಇಲ್ಲ. ಆದರೆ ಈ ಪತ್ರದಲ್ಲಿ ಕರೆಂಟ್ ಇದೆ, ಗೋದಾಮು ಇದೆ, ಬೆಳೆಗಾರರಿದ್ದಾರೆ. ನಮ್ಮ ಹುಡುಗ ಮಾತ್ರ ಎಲ್ಲೂ ಇಲ್ಲ. ಪ್ರತಿಯನ್ನು ಗೋದಾಮಿನ ಮೇಲ್ವಿಚಾರಕರಿಗೂ ಹಾಕಿದ್ದ. ಕ್ಷಮೆ ಕೇಳುವ ಪತ್ರದ ಪ್ರತಿ ಮೂರನೆಯವರಿಗೆ ಹೋದರೆ ಅದು ದೂರಿನ ಪತ್ರವಾಗುತ್ತದೆ. ಮೊದಲು ಅವರ ಹೆಸರು ತೆಗೆಸಿದೆ. ಗೋದಾಮಿನವರಿಂದ ನಿಜವಾಗಿ ತಪ್ಪಾಗಿದ್ದರೆ ಅದನ್ನು ಇನ್ನೊಂದು ದಿನ ಎದುರು ಕುಳಿತು ಮಾತನಾಡಬಹುದು.

“ಕರೆಂಟ್ ಎಷ್ಟು ಹೊತ್ತು ಇರಲಿಲ್ಲ?” ಎಂದೆ.

“ಮೂರು ಗಂಟೆ, ಮಾವ.”

“ಪಟ್ಟಿ ಎಷ್ಟು ತಡ?”

“ಮೂರು ದಿನ.”

ಇಷ್ಟು ಲೆಕ್ಕ ಹಾಸನದಲ್ಲಿ ಕುಳಿತವರಿಗೂ ಬರುತ್ತದೆ. ಕಾರಣ ಎಷ್ಟೇ ನಿಜವಾಗಿರಲಿ, ತಡದ ಅಳತೆಗೆ ಅದು ಸಾಲದಿದ್ದರೆ ಓದುವವರು ಉಳಿದ ಕಾರಣಗಳನ್ನೂ ನಂಬುವುದಿಲ್ಲ. ಗೋದಾಮಿನ ಅಂಕಿ ಕೇಳಿದ್ದು ಯಾವಾಗ ಎಂದು ಕೆದಕಿದಾಗ 4ರ ಸಂಜೆ ಎಂದು ಹೊರಬಿತ್ತು. ಬೆಳೆಗಾರರ ಸರಕು ಹೆಚ್ಚಾಗಿರುವುದು ಮೊದಲೇ ಗೊತ್ತಿತ್ತಂತೆ. ಅಂದರೆ ಅದು ಬೇಗ ಶುರುಮಾಡಬೇಕಾದ ಕಾರಣ, ತಡವಾಗಿ ಮುಗಿಸುವ ಕಾರಣವಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಗೆ ಬಂತು: ಪಟ್ಟಿ ಮುಗಿಯುವುದಿಲ್ಲವೆಂದು 5ರ ಬೆಳಿಗ್ಗೆಯೇ ಅವನಿಗೆ ಗೊತ್ತಾಗಿತ್ತು. ಇವತ್ತು ಮುಗಿದೀತು, ನಾಳೆ ಮುಗಿದೀತು ಎಂದು ಸುಮ್ಮನಿದ್ದ. 7ರಂದು ಮೇಡಂ ತಾವೇ ಫೋನ್ ಮಾಡಿ ವಿಚಾರಿಸಿ, ಬ್ಯಾಂಕಿನವರಲ್ಲಿ ಎರಡು ದಿನ ಕೇಳಿಕೊಂಡಿದ್ದರು. ಪಟ್ಟಿ ತಡವಾದದ್ದು ಒಂದು ತಪ್ಪು. 5ರಿಂದ 7ರವರೆಗಿನ ಮೌನ ಅದಕ್ಕಿಂತ ದೊಡ್ಡದು. ಕರಡಿನಲ್ಲಿ ಆ ಮೌನದ ಬಗ್ಗೆ ಚಕಾರವಿರಲಿಲ್ಲ. ಫೋನ್ ಬಂದು ಹೋದ ಮೇಲೂ ‘ತೊಂದರೆಯಾಗಿದ್ದಲ್ಲಿ’ ಎಂದು ಬರೆಯುವುದಂತೂ ಗಾಯದ ಮೇಲೆ ಬರೆ.

ಇಷ್ಟು ಹೇಳುವುದರೊಳಗೆ ಹುಡುಗ ಮುದುಡಿಕೊಂಡು ಇನ್ನೊಂದು ಕೊನೆಗೆ ಹೋದ. ‘ನನ್ನ ಬೇಜವಾಬ್ದಾರಿಗೆ ನನಗೇ ನಾಚಿಕೆಯಾಗುತ್ತಿದೆ, ಈ ಹುದ್ದೆಗೆ ನಾನು ಯೋಗ್ಯನೇ ಎಂಬ ಅನುಮಾನ ಕಾಡುತ್ತಿದೆ’ ಎಂದು ಟೈಪ್ ಮಾಡತೊಡಗಿದ. ಅದನ್ನೂ ಅಳಿಸಿದೆವು. ಹಾಗೆ ಬರೆದರೆ ಮೇಡಂ ಬ್ಯಾಂಕಿನ ಕೆಲಸ ಬಿಟ್ಟು ಇವನಿಗೆ ಸಮಾಧಾನ ಹೇಳಬೇಕಾಗುತ್ತದೆ. ಮುಂಚೆ ಕಾರಣಗಳ ಹಿಂದೆ ಅಡಗಿದ್ದವನು ಈಗ ಕಣ್ಣೀರಿನ ಹಿಂದೆ ಅಡಗಿದ್ದ, ಅಷ್ಟೇ.

‘ನೋಡಿಕೊಳ್ಳಲಾಗುವುದು’ ಎಂಬ ಕೊನೆಯ ಸಾಲಿಗೆ ಹೆಚ್ಚು ಹೊತ್ತು ಹಿಡಿಯಿತು. ಯಾರು ನೋಡಿಕೊಳ್ಳುತ್ತಾರೆ, ಏನನ್ನು, ಯಾವ ತಾರೀಕಿಗೆ? ಮುಂದೆಂದೂ ತಡವಾಗುವುದಿಲ್ಲ ಎಂದು ಮಲೆನಾಡಿನಲ್ಲಿ ಕುಳಿತು ಜುಲೈನಲ್ಲಿ ಮಾತು ಕೊಡುವುದು ಧೈರ್ಯವಲ್ಲ, ಹುಂಬತನ. ಮಳೆ ಮತ್ತೆ ಬರುತ್ತದೆ, ಕರೆಂಟ್ ಮತ್ತೆ ಹೋಗುತ್ತದೆ. ಬದಲಾಯಿಸಬಹುದಾದದ್ದು ಕೆಲಸ ಶುರುವಾಗುವ ದಿನ ಮತ್ತು ಸುದ್ದಿ ಮುಟ್ಟಿಸುವ ದಿನ ಮಾತ್ರ. ‘ವಿಳಂಬದ ಕುರಿತು’ ಎಂಬ ಶೀರ್ಷಿಕೆ ಹೋಗಿ ‘ಜೂನ್ ದಾಸ್ತಾನು ಪಟ್ಟಿ, ಲಗತ್ತಿಸಿದೆ’ ಎಂದಾಯಿತು. ಮೇಡಂಗೆ ಮೊದಲು ಬೇಕಾಗಿದ್ದುದು ಪಟ್ಟಿ ತಾನೇ. ಕೊನೆಗೆ ಹೋದ ಮೇಲ್ ಹೀಗಿತ್ತು:

‘ಮೇಡಂ, ಜೂನ್ ದಾಸ್ತಾನು ಪಟ್ಟಿಯನ್ನು ನಾನು 5ಕ್ಕೆ ಕಳುಹಿಸಬೇಕಿತ್ತು, ಕಳುಹಿಸಲಿಲ್ಲ. ಈಗ ಲಗತ್ತಿಸಿದ್ದೇನೆ. ಗೋದಾಮಿನ ಅಂಕಿಗಳನ್ನು 4ರ ಸಂಜೆಯವರೆಗೂ ಕೇಳದೆ ಬಿಟ್ಟಿದ್ದು ನನ್ನ ತಪ್ಪು. ಪಟ್ಟಿ ಮುಗಿಯುವುದಿಲ್ಲವೆಂದು 5ರ ಬೆಳಿಗ್ಗೆ ಗೊತ್ತಾದಾಗಲೂ ನಿಮಗೆ ತಿಳಿಸಲಿಲ್ಲ. ಇದರಿಂದ ನೀವು ಬ್ಯಾಂಕಿನವರಲ್ಲಿ ಸಮಯ ಕೇಳಬೇಕಾಯಿತು. ಕ್ಷಮಿಸಿ. ಪಟ್ಟಿಯಲ್ಲಿ ಹಳದಿ ಬಣ್ಣದಲ್ಲಿರುವ ಒಂದು ಸಾಲು, ಹಳೆಯ ಗೋದಾಮಿನ ಚೆರ್ರಿ ಚೀಲಗಳದ್ದು, ಇನ್ನೂ ಅಂದಾಜು. ಎಣಿಸಿ ನಾಳೆ ಬೆಳಿಗ್ಗೆ 11ರೊಳಗೆ ಸರಿಯಾದ ಸಂಖ್ಯೆ ಕಳುಹಿಸುತ್ತೇನೆ. ಉಳಿದವು ಎಣಿಸಿದವೇ. ಈ ತಿಂಗಳಿನಿಂದ ಬೆಳೆಗಾರರ ಸರಕನ್ನು 28ಕ್ಕೇ ಬೇರ್ಪಡಿಸಿಟ್ಟುಕೊಂಡು, ಆಮೇಲೆ ಬಂದುಹೋದದ್ದನ್ನಷ್ಟೇ 1ರಂದು ಸೇರಿಸುತ್ತೇನೆ. 4ರ ಬೆಳಿಗ್ಗೆಗೆ ಪಟ್ಟಿ ಸಿದ್ಧವಿಲ್ಲದಿದ್ದರೆ ಅಂದೇ ಫೋನ್ ಮಾಡುತ್ತೇನೆ.’

ಕಳುಹಿಸುವ ಮುನ್ನ ಅವನ ಬೆರಳು ತಡೆಯಿತು. “ಮಾವ, ಇಷ್ಟೆಲ್ಲ ಒಪ್ಪಿಕೊಂಡು ಬರೆದುಕೊಟ್ಟರೆ ನಾಳೆ ಇದನ್ನೇ ಹಿಡಿದು ನನ್ನ ಮೇಲೆ ಕ್ರಮ ತೆಗೆದುಕೊಂಡರೆ?” ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಅಂಥ ಕಚೇರಿಗಳೂ ಇವೆ. ನೋಟಿಸು ಕೈಗೆ ಬಂದು ಉತ್ತರ ಬರೆಯುವಾಗ ರೀತಿಯೇ ಬೇರೆ, ತಿಳಿದವರನ್ನು ಕೇಳಿಯೇ ಬರೆಯಬೇಕು. ಆದರೆ ಇಲ್ಲಿ ಒಪ್ಪಿಕೊಂಡದ್ದರಲ್ಲಿ ಮೇಡಂಗೆ ಗೊತ್ತಿಲ್ಲದ್ದು ಏನೂ ಹೆಚ್ಚಿರಲಿಲ್ಲ. ಅವನಿಗೂ ಗೊತ್ತಿದೆ ಎಂಬುದಷ್ಟೇ ಹೊಸತು.

ಕಾಲು ಗಂಟೆಯಲ್ಲಿ ಉತ್ತರ ಬಂತು. ‘ಸಿಕ್ಕಿತು. ಬ್ಯಾಂಕಿಗೆ ಅಂದಾಜು ಕೊಡಲಾಗುವುದಿಲ್ಲ. ನಾಳೆ 11ಕ್ಕೆ ಕಾಯುತ್ತೇನೆ.’

ಹುಡುಗ ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದ. “ಕ್ಷಮಿಸಿದ್ದೇನೆ ಎಂದು ಒಂದು ಮಾತೂ ಇಲ್ಲವಲ್ಲ ಮಾವ” ಎಂದು ಪೆಚ್ಚಾದ.

“ಹಳೆಯ ಗೋದಾಮಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ?” ಎಂದು ಕೇಳಿದೆ. ಅವನು ಗಡಿಯಾರ ನೋಡಿ, ಕೊಡೆಯನ್ನೂ ಮರೆತು ಓಡಿದ.