ಅಮ್ಮನ ವಾಪಸ್ ಟಿಕೆಟ್‌ಗೆ ಪಾಯಿಂಟ್ಸ್, ನಮ್ಮ ಡಿಸೆಂಬರ್ ರಜೆಗೆ ದುಡ್ಡು

ಇಲ್ಲಿ ನ್ಯೂಜೆರ್ಸಿಯಲ್ಲಿ ನನಗೆ ಗೊತ್ತಿರುವ ಕನ್ನಡದವರು ಕ್ರೆಡಿಟ್ ಕಾರ್ಡ್ ಪಾಯಿಂಟ್ಸನ್ನು ಮೂರು ರೀತಿ ಬಳಸುತ್ತಾರೆ. ಕೆಲವರು ಅದನ್ನು ಕಾರ್ಡಿನ ಬಿಲ್‌ಗೇ ಜಮಾ ಮಾಡಿಸಿಕೊಳ್ಳುತ್ತಾರೆ. ಕೆಲವರು ಬ್ಯಾಂಕಿನ ಟ್ರಾವೆಲ್ ಪೋರ್ಟಲ್‌ನಲ್ಲಿ ಟಿಕೆಟ್ ತೆಗೆಯುತ್ತಾರೆ. ಇನ್ನು ಕೆಲವರು ವಿಮಾನ ಕಂಪನಿಯ ಖಾತೆಗೆ ಕಳಿಸಿ, ಮೈಲ್ಸ್ ಮಾಡಿಕೊಂಡು, ಆಮೇಲೆ ಸೀಟು ಹಿಡಿಯುತ್ತಾರೆ. ಮೂರನೆಯವರೇ ಜಾಣರು ಅಂತ ಒಂದು ಮಾತಿದೆ. ನಾನು ಅದನ್ನು ಒಪ್ಪುವುದಿಲ್ಲ. ಬೆಂಗಳೂರಿಗೆ ಯಾರು ಹೋಗುತ್ತಿದ್ದಾರೆ, ಒಂದು ಕಡೆಗೋ ಎರಡು ಕಡೆಗೋ, ತಾರೀಖು ಗಟ್ಟಿಯಾಗಿದೆಯೋ ಇಲ್ಲವೋ, ಇಷ್ಟು ನೋಡಿದರೆ ಯಾವ ದಾರಿ ಸರಿ ಅಂತ ಗೊತ್ತಾಗುತ್ತದೆ.

ಅಮ್ಮನ ವಿಷಯವನ್ನೇ ತೊಗೊಳ್ಳಿ. ಅಮ್ಮ ಬೇಸಿಗೆಗೆ ಬರುತ್ತಾರೆ. ವಾಪಸ್ ಯಾವಾಗ ಅಂತ ಬರುವಾಗ ಗೊತ್ತಿರುವುದಿಲ್ಲ. ಊರಲ್ಲಿ ಮದುವೆ ಬರಬಹುದು, ಇಲ್ಲಿ ಮಗುವಿಗೆ ಇನ್ನೊಂದು ತಿಂಗಳು ಅಜ್ಜಿ ಬೇಕಾಗಬಹುದು. ಆದ್ದರಿಂದ ವಾಪಸ್ ಹೋಗುವ ಟಿಕೆಟ್ಟನ್ನು ಬೇರೆಯಾಗಿ ತೆಗೆಯಬೇಕಾಗುತ್ತದೆ. ಇಲ್ಲೇ ದುಡ್ಡು ಜಾಸ್ತಿ ಬೀಳುವುದು. ಯುರೋಪಿನ ಮೇಲೆ ಹೋಗುವ ದೊಡ್ಡ ಕಂಪನಿಗಳು ಒಂದು ಕಡೆಯ ಟಿಕೆಟ್ಟಿಗೆ ರೌಂಡ್ ಟ್ರಿಪ್‌ನ ಅರ್ಧ ದರ ಹಾಕುವುದು ಕಡಿಮೆ. ಎಷ್ಟೋ ಸಲ ಮುಕ್ಕಾಲು, ಕೆಲವು ಸಲ ಪೂರ್ತಿ. ಆದರೆ ಮೈಲ್ಸ್‌ನಲ್ಲಿ ಹೆಚ್ಚಿನ ಕಂಪನಿಗಳು ಒಂದೊಂದು ಕಡೆಗೂ ಬೇರೆ ಬೇರೆ ಲೆಕ್ಕ ಹಾಕುತ್ತವೆ. ಒಂದು ಕಡೆ ಮಾತ್ರ ಹೋಗುತ್ತೀರಿ ಅಂತ ದಂಡ ಬೀಳುವುದಿಲ್ಲ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ದರ ದಿನವೂ ಬದಲಾಗುತ್ತದೆ. ನೆವಾರ್ಕ್‌ನಿಂದ ಫ್ರಾಂಕ್‌ಫರ್ಟ್ ಮೇಲೆ ಬೆಂಗಳೂರಿಗೆ ಒಂದು ಕಡೆಯ ಟಿಕೆಟ್ 900 ಡಾಲರ್ ಇದೆ. ಅದೇ ಸೀಟು ಮೈಲ್ಸ್‌ನಲ್ಲಿ 45,000, ಜೊತೆಗೆ ತೆರಿಗೆ 50 ಡಾಲರ್. 900ರಲ್ಲಿ 50 ಕಳೆದರೆ 850. ಅದನ್ನು 45,000ದಿಂದ ಭಾಗಿಸಿದರೆ ಒಂದು ಪಾಯಿಂಟಿಗೆ ಸುಮಾರು 1.9 ಸೆಂಟ್ ಸಿಕ್ಕಿತು. ಬಿಲ್‌ಗೆ ಜಮಾ ಮಾಡಿಸಿದರೆ ಹೆಚ್ಚಿನ ಒಳ್ಳೆಯ ಟ್ರಾವೆಲ್ ಕಾರ್ಡುಗಳಲ್ಲಿ ಸಿಗುವುದು 1 ಸೆಂಟ್ ಅಥವಾ ಅದಕ್ಕಿಂತ ಕಡಿಮೆ.

ಆದರೆ ಲೆಕ್ಕ ಇಲ್ಲಿಗೇ ನಿಲ್ಲಿಸಬಾರದು. ಪಾಯಿಂಟ್ಸ್ ಇಲ್ಲದಿದ್ದರೆ ನೀವು ನಿಜವಾಗಿ ಆ 900 ಡಾಲರ್ ಟಿಕೆಟ್ಟನ್ನೇ ತೆಗೆಯುತ್ತಿದ್ದಿರಾ? ಗಲ್ಫ್ ಮೇಲೆ ಹೋಗುವುದು 650ಕ್ಕೆ ಸಿಗುತ್ತಿತ್ತು, ಅಮ್ಮನಿಗೂ ಅದು ಒಪ್ಪಿಗೆಯೇ ಅಂದರೆ, ಹೋಲಿಸಬೇಕಾದದ್ದು 650ರ ಜೊತೆ. ಆಗ 600 ಭಾಗಿಸು 45,000, ಅಂದರೆ 1.3 ಸೆಂಟ್. ಈಗಲೂ ನಷ್ಟವಿಲ್ಲ, ಆದರೆ ಮೊದಲಿನಷ್ಟು ಲಾಭವೂ ಇಲ್ಲ. ನನ್ನ ಮಟ್ಟಿಗೆ 1.5 ಸೆಂಟ್ ದಾಟಿದರೆ ಮೈಲ್ಸ್, ಅದರ ಕೆಳಗಿದ್ದರೆ ಯೋಚನೆ.

ಬಿಸಿನೆಸ್ ಕ್ಲಾಸ್‌ನಲ್ಲಿ ಒಂದು ಪಾಯಿಂಟಿಗೆ 4-5 ಸೆಂಟ್ ಹೊಡೆದೆವು ಅನ್ನುವ ಮಾತನ್ನೂ ಹೀಗೇ ಅಳೆಯಬೇಕು. ಟಿಕೆಟ್ 4,500 ಡಾಲರ್ ಇರಬಹುದು. ಆದರೆ ಕೈಯಿಂದ ಯಾರೂ ಅಷ್ಟು ಕೊಡುತ್ತಿರಲಿಲ್ಲ, ಅಲ್ವಾ? ಅಮ್ಮನ ಮಂಡಿನೋವಿಗೆ, ಕಾಲು ಚಾಚಿ ಮಲಗಿ ಹೋಗಲಿ ಅಂತ ನಾನು ನಿಜವಾಗಿ ಕೊಡಲು ತಯಾರಿರುವುದು 2,000 ಡಾಲರ್ ಆದರೆ, 1,00,000 ಮೈಲ್ಸ್ ಸೀಟಿಗೆ ನನ್ನ ಲೆಕ್ಕ 2 ಸೆಂಟ್. ಅದು ಸಾಕು. ನಾನು ಸಂತೋಷದಿಂದ ಬುಕ್ ಮಾಡುತ್ತೇನೆ.

ಇನ್ನು ನಮ್ಮ ಡಿಸೆಂಬರ್ ರಜೆ. ನಾಲ್ಕು ಜನ, ಸ್ಕೂಲ್ ಮುಚ್ಚಿದ ದಿನ ಹೊರಟು ತೆರೆಯುವ ಮುಂಚೆ ವಾಪಸ್. ಕಡಿಮೆ ಮೈಲ್ಸ್‌ನ ಸೀಟುಗಳನ್ನು ಕಂಪನಿಗಳು ಒಂದು ವಿಮಾನದಲ್ಲಿ ಸ್ವಲ್ಪವೇ ಬಿಡುತ್ತವೆ. ಆ ವಾರಗಳಲ್ಲಿ ನಾಲ್ಕು ಒಟ್ಟಿಗೆ ಸಿಗುವುದು ತುಂಬಾ ಕಷ್ಟ. ಆಗ ವೆಬ್‌ಸೈಟ್ ತೋರಿಸುವುದು ದುಬಾರಿ ದರ. ಒಬ್ಬರಿಗೆ ಎರಡೂ ಕಡೆ ಸೇರಿ 1,60,000 ಮೈಲ್ಸ್, ತೆರಿಗೆ 110 ಡಾಲರ್, ದುಡ್ಡು ಕೊಟ್ಟರೆ ಅದೇ ಟಿಕೆಟ್ 1,900 ಅಂತ ಇಟ್ಟುಕೊಳ್ಳಿ. 1,790 ಭಾಗಿಸು 1,60,000, ಅಂದರೆ 1.1 ಸೆಂಟ್. ದುಡ್ಡು ಕೊಟ್ಟು ತೆಗೆದಿದ್ದರೆ ಕಾರ್ಡಿನಲ್ಲಿ ಹೊಸ ಪಾಯಿಂಟ್ಸ್ ಬರುತ್ತಿತ್ತು, ಹಾರಿದ್ದಕ್ಕೆ ಮೈಲ್ಸೂ ಬರುತ್ತಿತ್ತು. ಮೈಲ್ಸ್ ಟಿಕೆಟ್ಟಿನಲ್ಲಿ ಅವೆರಡೂ ಹೆಚ್ಚುಕಡಿಮೆ ಹೋದ ಹಾಗೆ. ಅದನ್ನೂ ಸೇರಿಸಿದರೆ 1 ಸೆಂಟಿನ ಹತ್ತಿರ ಬಂದು ನಿಲ್ಲುತ್ತದೆ. ಇಂಥ ಪ್ರಯಾಣಕ್ಕೆ ದುಡ್ಡೇ ಕೊಡಿ. ಪಾಯಿಂಟ್ಸನ್ನು ಬಿಲ್‌ಗೆ ಜಮಾ ಮಾಡಿಸಿಕೊಳ್ಳುವ ಮೊದಲನೆಯ ಗುಂಪಿನವರು ಈ ವಿಷಯದಲ್ಲಿ ಸರಿಯಾಗಿಯೇ ಇದ್ದಾರೆ. ನಿಮ್ಮ ಕಾರ್ಡಿನ ಪೋರ್ಟಲ್ 1 ಸೆಂಟಿಗಿಂತ ಜಾಸ್ತಿ ಕೊಡುತ್ತಿದ್ದರೆ ಅಲ್ಲೇ ತೆಗೆಯಬಹುದು. ಆದರೆ ಪೋರ್ಟಲ್ ದರವನ್ನು ವಿಮಾನ ಕಂಪನಿಯ ಸ್ವಂತ ದರದ ಪಕ್ಕ ಇಟ್ಟು ನೋಡಿ. ಟಿಕೆಟ್ ಬದಲಾಯಿಸುವಾಗ ಕಂಪನಿ, ಏಜೆಂಟ್ ಇಬ್ಬರ ನಡುವೆ ಓಡಾಡಬೇಕಾಗುತ್ತದೆ ಅನ್ನುವುದೂ ನೆನಪಿರಲಿ.

ಮೈಲ್ಸ್ ದಾರಿ ಹಿಡಿದಾಗ ಯಾವ ಕಂಪನಿಯ ಮೈಲ್ಸ್ ಅನ್ನುವುದು ದೊಡ್ಡ ವಿಷಯ. ಲುಫ್ತಾನ್ಸಾದ ಫ್ರಾಂಕ್‌ಫರ್ಟ್–ಬೆಂಗಳೂರು ವಿಮಾನದ ಒಂದೇ ಸೀಟನ್ನು ನೋಡಿ. ಅದನ್ನು ಲುಫ್ತಾನ್ಸಾದ ಸ್ವಂತ ಮೈಲ್ಸ್ ಅಂಡ್ ಮೋರ್‌ನಲ್ಲಿ ತೆಗೆದರೆ ತೆರಿಗೆಯ ಮೇಲೆ ಕ್ಯಾರಿಯರ್ ಸರ್‌ಚಾರ್ಜ್, ಅಂದರೆ ವಿಮಾನ ಕಂಪನಿಯೇ ಹಾಕುವ ಹೆಚ್ಚುವರಿ ಶುಲ್ಕ, ಬೀಳುತ್ತದೆ. ಅದೇ ಸೀಟನ್ನು ಲುಫ್ತಾನ್ಸಾದ ಪಾಲುದಾರ ಕಂಪನಿ ಯುನೈಟೆಡ್‌ನ ಮೈಲ್ಸ್‌ನಲ್ಲಿ ತೆಗೆದರೆ ಆ ಸರ್‌ಚಾರ್ಜ್ ಇಲ್ಲ. ಏರ್ ಕೆನಡಾದ ಏರೋಪ್ಲಾನ್ ಕೂಡ 2020ರ ನವೆಂಬರ್‌ನಿಂದ ಅದನ್ನು ಹಾಕುವುದಿಲ್ಲ. ಲಂಡನ್ ಮೇಲೆ ಬ್ರಿಟಿಷ್ ಏರ್‌ವೇಸ್‌ನ ಏವಿಯಾಸ್ ಬಳಸುವವರು ಮೈಲ್ಸ್ ಎಷ್ಟು ಅನ್ನುವುದಕ್ಕಿಂತ ಕೊನೆಯಲ್ಲಿ ಡಾಲರ್ ಎಷ್ಟು ಕೇಳುತ್ತಾರೆ ಅನ್ನುವುದನ್ನು ಮೊದಲು ನೋಡಬೇಕು.

ಇನ್ನೊಂದು ಎಚ್ಚರ ತುಂಬಾ ಮುಖ್ಯ. ಬ್ಯಾಂಕಿನಿಂದ ವಿಮಾನ ಕಂಪನಿಗೆ ಕಳಿಸಿದ ಪಾಯಿಂಟ್ಸ್ ವಾಪಸ್ ಬರುವುದಿಲ್ಲ. ಆದ್ದರಿಂದ ಸೀಟು ಕಾಣುವ ಮುಂಚೆ ಕಳಿಸಲೇಬೇಡಿ. ಕಾಣುವ ಸೀಟೂ ಕೆಲವು ಸಲ ಇರುವುದಿಲ್ಲ. ಬೇರೆ ಕಂಪನಿಯ ವಿಮಾನವಾದರೆ ಹಳೆಯ ಮಾಹಿತಿ ಪರದೆಯ ಮೇಲೆ ಉಳಿದಿರುತ್ತದೆ, ದುಡ್ಡು ಕಟ್ಟುವ ಹಂತದಲ್ಲಿ ಎರರ್ ಬರುತ್ತದೆ. ನಾನು ಯುನೈಟೆಡ್‌ನಲ್ಲಿ ಕಂಡ ಲುಫ್ತಾನ್ಸಾ ಸೀಟನ್ನು ಏರೋಪ್ಲಾನ್‌ನಲ್ಲೂ ಹುಡುಕುತ್ತೇನೆ. ಎರಡೂ ಕಡೆ ಇದ್ದರೆ ಬಹುಮಟ್ಟಿಗೆ ನಿಜ. ಒಂದೇ ಕಡೆ ಇದ್ದರೆ ಕಂಪನಿಗೆ ಫೋನ್ ಮಾಡಿ, ವಿಮಾನದ ನಂಬರ್ ಹೇಳಿ, ಸೀಟು ಇದೆಯಾ ಅಂತ ಕೇಳುತ್ತೇನೆ. ಇದೆ ಅಂದಮೇಲೆ ಬೇಕಾದಷ್ಟೇ ಕಳಿಸುತ್ತೇನೆ. ಚೇಸ್ ಬ್ಯಾಂಕಿನಿಂದ ಯುನೈಟೆಡ್‌ಗೂ ಏರೋಪ್ಲಾನ್‌ಗೂ ಒಂದಕ್ಕೆ ಒಂದರಂತೆ, ಸಾವಿರದ ಲೆಕ್ಕದಲ್ಲಿ ಹೋಗುತ್ತದೆ. ಹೆಚ್ಚಾಗಿ ಕೆಲವೇ ನಿಮಿಷದಲ್ಲಿ ಬಂದು ಬೀಳುತ್ತದೆ. ಅಮ್ಮನ ಹೆಸರಲ್ಲಿ ಖಾತೆ ಬೇಕಿಲ್ಲ. ನನ್ನ ಮೈಲ್ಸ್‌ನಿಂದಲೇ ಅವರಿಗೆ ಟಿಕೆಟ್ ತೆಗೆಯಬಹುದು, ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹಾಕಬೇಕು ಅಷ್ಟೆ.

ತಾರೀಖು ಬದಲಾದರೆ? ಯುನೈಟೆಡ್ ಮೈಲ್ಸ್ ಟಿಕೆಟ್ಟನ್ನು ಹೊರಡುವ ಮುಂಚೆ ರದ್ದು ಮಾಡಿದರೆ ಮೈಲ್ಸ್ ಶುಲ್ಕವಿಲ್ಲದೆ ಖಾತೆಗೆ ವಾಪಸ್ ಬರುತ್ತದೆ. ಏರೋಪ್ಲಾನ್‌ನಲ್ಲಿ ಸಾಮಾನ್ಯ ಟಿಕೆಟ್ಟಿಗೆ ಶುಲ್ಕ ಇದೆ. ಅಮ್ಮನ ಟಿಕೆಟ್ಟಿಗೆ ನಾನು ಮೈಲ್ಸನ್ನು ಮೆಚ್ಚಲು ಸೆಂಟ್ ಲೆಕ್ಕದಷ್ಟೇ ಇದೂ ಕಾರಣ. ಒಂದು ತಾರೀಖಿಗೆ ಸೀಟು ಹಿಡಿದಿಟ್ಟು, ಊರಿನ ಮದುವೆ ಮುಂದಕ್ಕೆ ಹೋದರೆ ಬಿಟ್ಟುಬಿಡಬಹುದು. ಆದರೆ ರದ್ದಾದ ಮೈಲ್ಸ್ ಯುನೈಟೆಡ್‌ನಲ್ಲೇ ಉಳಿಯುತ್ತದೆ, ಬ್ಯಾಂಕಿಗೆ ಹೋಗುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ತಿಂಗಳ ಬಿಲ್ ಪೂರ್ತಿ ಕಟ್ಟುವವರಿಗೆ. ಇಲ್ಲಿನ ಕಾರ್ಡುಗಳ ಬಡ್ಡಿ ವರ್ಷಕ್ಕೆ 20 ಪರ್ಸೆಂಟ್ ದಾಟುವುದು ಮಾಮೂಲು. ಬಾಕಿ ಉಳಿಸಿಕೊಂಡಿದ್ದರೆ ಪಾಯಿಂಟ್ಸ್ ಎಷ್ಟಿದ್ದರೂ ಮೊದಲು ಅದನ್ನು ಬಾಕಿಗೇ ಹಾಕಿ. ಬಾಕಿ ಇಲ್ಲದವರು ಒಬ್ಬರ ಒಂದು ಕಡೆಯ ಟಿಕೆಟ್ಟಿಗೆ ಆಗುವಷ್ಟು ಪಾಯಿಂಟ್ಸನ್ನು ಬ್ಯಾಂಕಿನಲ್ಲೇ ಇಟ್ಟುಕೊಂಡಿರಿ. ಊರಿಂದ ರಾತ್ರಿ ಫೋನ್ ಬಂದು ನಾಳೆಯೇ ಹೊರಡಬೇಕಾದಾಗ ದುಡ್ಡಿನ ದರ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ, ಅಂಥ ದಿನ ಮೈಲ್ಸ್ ಸೀಟು ಕಂಡರೆ ಮೇಲಿನ ಲೆಕ್ಕದಲ್ಲಿ 3 ಸೆಂಟೂ ಬರಬಹುದು.