ಲೆಕ್ಕ ಇಷ್ಟ ಎನ್ನುವ ಹುಡುಗಿಗೆ ಸಿಎಯೋ, ಎಂಬಿಎಯೋ?

ತಿಪಟೂರಿನಿಂದ ಅಕ್ಕನ ಮಗಳು ಕಳೆದ ಭಾನುವಾರ ತುಮಕೂರಿಗೆ ಬಂದಿದ್ದಳು. ಬಿ.ಕಾಂ. ಕೊನೆಯ ಸೆಮಿಸ್ಟರ್ ಮುಗಿದಿದೆ. "ಮಾಮ, ನನಗೆ ಲೆಕ್ಕ ಅಂದ್ರೆ ಇಷ್ಟ. ಸಿಎ ಮಾಡಲಾ, ಎಂಬಿಎ ಮಾಡಲಾ?" ಎಂದು ಕೇಳಿದಳು. ಇಪ್ಪತ್ತು ವರ್ಷಗಳಿಂದ ಲೆಕ್ಕಪರಿಶೋಧನೆಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನಗೆ ಈ ಪ್ರಶ್ನೆಯನ್ನು ಪ್ರತಿ ವರ್ಷ ನಾಲ್ಕಾರು ಮಂದಿ ಕೇಳುತ್ತಾರೆ. ಆದರೆ ಅವಳ ತಂದೆ ಕೊಬ್ಬರಿ ವ್ಯಾಪಾರಿಯಾದ್ದರಿಂದ, ಈ ಸಲ ಉತ್ತರ ಹೇಳುವ ಬದಲು ಅವರ ಗೋದಾಮಿನದೇ ಒಂದು ಲೆಕ್ಕ ಹಾಕಿ ತೋರಿಸಿದೆ. ಅಂಕಿಗಳು ಉದಾಹರಣೆಗೆಂದು ನಾನು ಇಟ್ಟುಕೊಂಡವು.

ಗೋದಾಮಿನಲ್ಲಿ 200 ಕ್ವಿಂಟಾಲ್ ಉಂಡೆ ಕೊಬ್ಬರಿ ಇದೆ ಎಂದುಕೊಳ್ಳೋಣ. ಕೊಂಡ ದರ ಕ್ವಿಂಟಾಲಿಗೆ 14,000 ರೂಪಾಯಿ, ಒಟ್ಟು 28 ಲಕ್ಷ. ಮಾರ್ಚ್ 31ರ ಹೊತ್ತಿಗೆ ಮಾರುಕಟ್ಟೆ ದರ 12,600ಕ್ಕೆ ಇಳಿದಿದೆ, ಮಾರಲು ಕ್ವಿಂಟಾಲಿಗೆ 100 ರೂಪಾಯಿ ಖರ್ಚು ಬೀಳುತ್ತದೆ.

ಇಲ್ಲಿ ಸಿಎ ಕೇಳುವ ಪ್ರಶ್ನೆ ಒಂದೇ: ಆ ದಿನದ ಆಸ್ತಿಪಟ್ಟಿಯಲ್ಲಿ ಈ ದಾಸ್ತಾನನ್ನು ಎಷ್ಟೆಂದು ಬರೆಯಬೇಕು? ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಕೊಂಡ ಬೆಲೆ ಮತ್ತು ಮಾರಿದರೆ ಖರ್ಚು ಕಳೆದು ಕೈಗೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯದನ್ನೇ ತೆಗೆದುಕೊಳ್ಳಬೇಕು. ಹಾಗಾಗಿ 12,500ರಂತೆ 25 ಲಕ್ಷ. ಮಾಲು ಮಾರದಿದ್ದರೂ 3 ಲಕ್ಷ ನಷ್ಟ ಈ ವರ್ಷವೇ ಪುಸ್ತಕಕ್ಕೆ ಬರುತ್ತದೆ. ಗುಣಾಕಾರ ಏಳನೇ ತರಗತಿಯದು. ಕಷ್ಟವಿರುವುದು ಬೇರೆಡೆ: 200 ಕ್ವಿಂಟಾಲ್ ನಿಜವಾಗಿಯೂ ಇದೆಯೇ ಎಂಬುದರಲ್ಲಿ. ಸಿಎ ಓದಿನ ಭಾಗವಾದ ಆರ್ಟಿಕಲ್‌ಶಿಪ್ ತರಬೇತಿಯಲ್ಲಿ ನಾನಿದ್ದಾಗ ಒಂದು ಗೋದಾಮಿನಲ್ಲಿ ಹೊರಸಾಲಿನ ಚೀಲಗಳನ್ನಷ್ಟೇ ಎಣಿಸಿ ಬಂದಿದ್ದೆ. ನಮ್ಮ ಸೀನಿಯರ್ ಮತ್ತೆ ಕಳಿಸಿ ನಡುಸಾಲಿನಿಂದ ನಾಲ್ಕು ಚೀಲ ಇಳಿಸಿ ಬಿಚ್ಚಿಸಿದರು. ಎರಡರಲ್ಲಿ ಕಮಟು ವಾಸನೆ ಬಂದ ಹಳೆಯ ಮಾಲಿತ್ತು. ಪುಸ್ತಕದಿಂದ ಒಂದು ನಮೂದನ್ನು ಆರಿಸಿ ಅದು ನೆಲದ ಮೇಲಿದೆಯೇ ಎಂದು ನೋಡಬೇಕು, ನೆಲದ ಮೇಲಿನ ಒಂದು ಚೀಲವನ್ನು ಆರಿಸಿ ಅದು ಪುಸ್ತಕದಲ್ಲಿದೆಯೇ ಎಂದೂ ನೋಡಬೇಕು. ಮೊದಲನೆಯದರಿಂದ ಇಲ್ಲದ ಮಾಲನ್ನು ತೋರಿಸಿದ್ದು ಸಿಕ್ಕಿಬೀಳುತ್ತದೆ, ಎರಡನೆಯದರಿಂದ ಇರುವ ಮಾಲನ್ನು ಮುಚ್ಚಿಟ್ಟದ್ದು.

ಎಂಬಿಎಯಲ್ಲಿ ಹಣಕಾಸು ಓದಿದವರು ಅದೇ ಗೋದಾಮಿನ ಮುಂದೆ ನಿಂತು ಕೇಳುವುದು ಇದನ್ನಲ್ಲ. ಈಗಲೇ ಮಾರಬೇಕೋ, ಆರು ತಿಂಗಳು ಇಟ್ಟುಕೊಳ್ಳಬೇಕೋ ಎಂಬುದು ಅವರ ಪ್ರಶ್ನೆ. ಈಗ ಮಾರಿದರೆ 25 ಲಕ್ಷ ಕೈಗೆ ಬಂದು ಅಷ್ಟು ಬ್ಯಾಂಕ್ ಸಾಲ ತೀರುತ್ತದೆ. ಇಟ್ಟುಕೊಂಡರೆ ವರ್ಷಕ್ಕೆ ಶೇಕಡಾ 10ರ ಬಡ್ಡಿಯಲ್ಲಿ ಆರು ತಿಂಗಳಿಗೆ 1.25 ಲಕ್ಷ ಹೋಗುತ್ತದೆ. ಜೊತೆಗೆ ಕೊಬ್ಬರಿ ಒಣಗಿ ಶೇಕಡಾ 2ರಷ್ಟು ತೂಕ ಇಳಿದರೆ ಉಳಿಯುವುದು 196 ಕ್ವಿಂಟಾಲ್. ಅದರಿಂದ 26.25 ಲಕ್ಷ ಹುಟ್ಟಬೇಕಾದರೆ, ಮಾರುವ ಖರ್ಚೂ ಸೇರಿ, ದರ ಸುಮಾರು 13,500ಕ್ಕೆ ಏರಬೇಕು. ಅಂದರೆ ಪ್ರಶ್ನೆ ಕೊನೆಗೆ ಇಷ್ಟಕ್ಕೆ ಇಳಿಯುತ್ತದೆ: ಆರು ತಿಂಗಳಲ್ಲಿ ದರ 900 ರೂಪಾಯಿ ಏರುವ ಸಾಧ್ಯತೆ ಎಷ್ಟು? ಬಡ್ಡಿಯನ್ನೋ ತೂಕದ ಇಳಿಕೆಯನ್ನೋ ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ಇಲ್ಲಿ ಪುರಾವೆ ಕೇಳುವವರಿಲ್ಲ, ಅಂದಾಜನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ, ಮತ್ತು ಅದನ್ನು ಒಪ್ಪದ ನಾಲ್ವರನ್ನು ಒಪ್ಪಿಸಬೇಕಾಗುತ್ತದೆ.

ಆದ್ದರಿಂದ "ಲೆಕ್ಕ ಇಷ್ಟ" ಎಂಬ ಮಾತಷ್ಟರಿಂದ ಏನೂ ತೀರ್ಮಾನವಾಗುವುದಿಲ್ಲ. ಸಿಎ ಓದಿನಲ್ಲಿ ಗಣಿತಕ್ಕಿಂತ ಕಾನೂನೇ ಹೆಚ್ಚು. ಅದರ ನಡುವಿನ ಹಂತವಾದ ಇಂಟರ್‌ಮೀಡಿಯೇಟ್‌ನ ಆರು ಪತ್ರಿಕೆಗಳಲ್ಲಿ ಕಂಪನಿ ಕಾನೂನು, ತೆರಿಗೆ ಮತ್ತು ಆಡಿಟಿಂಗ್ ಮೂರೂ ಇವೆ. ಇನ್ನೊಂದೆಡೆ, ಎಂಬಿಎಯ ಮೊದಲ ವರ್ಷದಲ್ಲಿ ಮಾರ್ಕೆಟಿಂಗ್, ಮಾನವ ಸಂಪನ್ಮೂಲ, ಸಂಸ್ಥೆಯೊಳಗಿನ ವರ್ತನೆ ಇಂಥವನ್ನು ಎಲ್ಲರೂ ಓದಲೇಬೇಕು, ಅಂಕಿಗಳು ಅವುಗಳ ನಡುವೆ ಬಂದು ಹೋಗುತ್ತವೆ. ಪ್ರವೇಶಕ್ಕೆ ಕ್ಯಾಟ್ ಪರೀಕ್ಷೆ ಬರೆಯುವುದಾದರೆ ಅದರ ಗಣಿತ ಭಾಗದಲ್ಲಿ ಕೇಳುವುದು ಶಾಲೆಯ ಅಂಕಗಣಿತ, ಬೀಜಗಣಿತ, ರೇಖಾಗಣಿತಗಳನ್ನೇ. ಆದರೆ ಪಿಯುಸಿಯಲ್ಲಿ ಗಣಿತವಿಲ್ಲದ ಹೆಚ್‌ಇಬಿಎ ತೆಗೆದುಕೊಂಡ ನಮ್ಮ ಕಡೆಯ ಮಕ್ಕಳು ಎಸ್ಸೆಸ್ಸೆಲ್ಸಿಯ ನಂತರ ಗಣಿತದ ಪುಸ್ತಕವನ್ನೇ ಮುಟ್ಟಿರುವುದಿಲ್ಲ. ನಮ್ಮ ಅಕ್ಕನ ಮಗಳದೂ ಅದೇ ಕಥೆ.

ಇನ್ನು ಕಾಲದ ಲೆಕ್ಕ. ಬಿ.ಕಾಂ.ನಲ್ಲಿ ಶೇಕಡಾ 55 ಇದ್ದರೆ ಸಿಎಯ ಮೊದಲ ಹಂತವಾದ ಫೌಂಡೇಶನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೇಟ್‌ಗೆ ನೋಂದಾಯಿಸಬಹುದು. ನೋಂದಾಯಿಸಿ ಎಂಟು ತಿಂಗಳು ಕಳೆದ ಮೇಲೆ ಪರೀಕ್ಷೆ. ಎರಡೂ ಗುಂಪು ತೇರ್ಗಡೆಯಾದ ಮೇಲೆ, 2023ರ ಹೊಸ ಪದ್ಧತಿಯಂತೆ, ಎರಡು ವರ್ಷ ಆರ್ಟಿಕಲ್‌ಶಿಪ್. ಅದಾದ ಆರು ತಿಂಗಳಿಗೆ ಫೈನಲ್. ಎಲ್ಲವೂ ಮೊದಲ ಯತ್ನದಲ್ಲೇ ಆದರೆ ಸುಮಾರು ಮೂರೂವರೆ ವರ್ಷ. ಆದರೆ ಎಲ್ಲವೂ ಮೊದಲ ಯತ್ನದಲ್ಲೇ ಆಗುವುದು ಕೆಲವರಿಗೆ ಮಾತ್ರ. ಪ್ರತಿ ಪತ್ರಿಕೆಯಲ್ಲಿ 40 ಅಂಕ ಬಂದರೆ ಸಾಲದು, ಮೂರು ಪತ್ರಿಕೆಗಳ ಗುಂಪಿನಲ್ಲಿ ಒಟ್ಟು 150 ಬರಬೇಕು. 62, 44, 41 ಬಂದ ಹುಡುಗ ಯಾವ ಪತ್ರಿಕೆಯಲ್ಲೂ ಸೋತಿಲ್ಲ, ಆದರೂ ಒಟ್ಟು 147 ಆದ್ದರಿಂದ ಗುಂಪಿನಲ್ಲಿ ನಪಾಸು. 60 ದಾಟಿದ ಆ ಒಂದು ಪತ್ರಿಕೆಗೆ ಮುಂದಿನ ಯತ್ನಗಳಲ್ಲಿ ವಿನಾಯಿತಿ ಸಿಗುತ್ತದೆ ಎಂಬುದಷ್ಟೇ ಸಮಾಧಾನ. ಹಾಗಾಗಿ ಮನೆಯವರಿಗೆ ನಾನು ಹೇಳುವುದು, ಇಂಟರ್‌ಮೀಡಿಯೇಟ್‌ಗೆ ಮೂರು ಯತ್ನಗಳ ಗಡಿಯನ್ನು ಮೊದಲೇ ಹಾಕಿಕೊಳ್ಳಿ ಎಂದು. ಗಡಿಯಿಲ್ಲದೆ ಇಪ್ಪತ್ತೆಂಟರ ವಯಸ್ಸಿಗೂ ಎರಡನೇ ಗುಂಪು ಬರೆಯುತ್ತಿರುವವರನ್ನು ಕಂಡಿದ್ದೇನೆ.

ಇಷ್ಟಾದರೂ ನನ್ನ ಒಲವು ಸಿಎ ಕಡೆಗೇ. ಕಾರಣ, ತುಮಕೂರಿನಲ್ಲಿ ಕುಳಿತು ತೇರ್ಗಡೆಯಾದ ಸಿಎಗೂ ಮುಂಬೈಯಲ್ಲಿ ತೇರ್ಗಡೆಯಾದ ಸಿಎಗೂ ಪ್ರಶ್ನೆಪತ್ರಿಕೆ ಒಂದೇ, ಸದಸ್ಯತ್ವವೂ ಒಂದೇ. ಎಂಬಿಎ ಹಾಗಲ್ಲ, ಅದರ ಬೆಲೆ ಕಾಲೇಜಿನ ಹೆಸರಿನ ಮೇಲೆ ನಿಂತಿದೆ. ಬೆಂಗಳೂರಿನ ಐಐಎಂ ಮಟ್ಟದಲ್ಲಿ ಸೀಟು ಸಿಕ್ಕರೆ 20 ಲಕ್ಷ ದಾಟುವ ಶುಲ್ಕಕ್ಕೂ ಅರ್ಥವಿದೆ, ಸಾಲ ಮಾಡಿಯಾದರೂ ಹೋಗಲಿ. ಆದರೆ ಕೆಲಸದ ಅನುಭವವಿಲ್ಲದೆ, ಸಿಕ್ಕ ಕಾಲೇಜಿಗೆ, ಪದವಿಯ ಬೆನ್ನಿಗೇ ಸೇರಿದ ಹುಡುಗರು ಎರಡು ವರ್ಷದ ನಂತರ ಅದೇ ಬಿ.ಕಾಂ.ನವರ ಸಾಲಿನಲ್ಲಿ ನಿಂತು ಸಾಲ ವಸೂಲಿಯ, ವಿಮೆ ಮಾರಾಟದ ಕೆಲಸಗಳಿಗೆ ಅರ್ಜಿ ಹಾಕುವುದನ್ನು ನೋಡಿದ್ದೇನೆ. ಎಂಬಿಎಯನ್ನು ನಾಲ್ಕು ವರ್ಷ ಕೆಲಸ ಮಾಡಿದ ಮೇಲೂ ಓದಬಹುದು, ಆಗ ತರಗತಿಯಲ್ಲಿ ಹೇಳಲು ಸ್ವಂತದ ಅನುಭವವೂ ಇರುತ್ತದೆ. ಆರ್ಟಿಕಲ್‌ಶಿಪ್‌ನ ಅಲ್ಪ ಸ್ಟೈಪೆಂಡ್ ಮತ್ತು ಸೆಪ್ಟೆಂಬರ್‌ನ ಆಡಿಟ್ ಗಡುವಿನ ರಾತ್ರಿ ಕೆಲಸಗಳನ್ನು ಇಪ್ಪತ್ತೆರಡರಲ್ಲಿ ಸಹಿಸಿದಷ್ಟು ಸುಲಭವಾಗಿ ಮೂವತ್ತರಲ್ಲಿ ಸಹಿಸಲಾಗದು.

ಅಂದಾಜಿನ ಆಟವೇ ಇಷ್ಟವಾದ ಮಗುವಿಗೆ ಇದೇ ಸಲಹೆ ಕೊಡುತ್ತಿರಲಿಲ್ಲ. ಅದಕ್ಕಾಗಿಯೇ ಎರಡೂ ಲೆಕ್ಕಗಳನ್ನು ಕಾಗದದ ಮೇಲೆ ಬಿಟ್ಟು, ಕಾಫಿ ಮುಗಿಯುವವರೆಗೆ ಸುಮ್ಮನಿದ್ದೆ. ಅವಳು ಮುಂದಿನ ದರ ಎಷ್ಟಾಗಬಹುದು ಎಂದು ಕೇಳಲಿಲ್ಲ. "ಮಾಮ, ಒಣಗಿ ಹೋದ ಆ ನಾಲ್ಕು ಕ್ವಿಂಟಾಲ್ ಯಾವ ಖಾತೆಗೆ ಹೋಗತ್ತೆ?" ಎಂದಳು. ಸಹಜವಾಗಿ ಒಣಗಿದ್ದಾದರೆ ಅದರ ಬೆಲೆ ಉಳಿದ 196 ಕ್ವಿಂಟಾಲಿನ ಮೇಲೆಯೇ ಬೀಳುತ್ತದೆ, ಮಳೆಗೆ ನೆನೆದು ಕೆಟ್ಟದ್ದಾದರೆ ಬೇರೆಯಾಗಿ ನಷ್ಟಕ್ಕೆ ಬರೆಯಬೇಕು ಎಂದೆ. ಹಾಗಾದರೆ ಯಾವುದು ಒಣಗಿದ್ದು, ಯಾವುದು ಕೆಟ್ಟದ್ದು ಎಂದು ಯಾರು ನೋಡಿ ಹೇಳುತ್ತಾರೆ ಎಂದು ಮತ್ತೆ ಕೇಳಿದಳು. ಮುಂದಿನ ಮೇ ಪರೀಕ್ಷೆಗೆ ಸೆಪ್ಟೆಂಬರ್ 1ರೊಳಗೆ ನೋಂದಾಯಿಸಬೇಕು ಎಂದು ಆ ಕಾಗದದ ಕೆಳಗೇ ಬರೆದುಕೊಟ್ಟೆ.